ಎರಡು ಡಾಲರಿನ ಕತ್ತರಿ, ಎರಡು ಡಾಲರಿನ ಬುಟ್ಟಿ

ಚೀನಾದ ಈವೂ ಪೇಟೆಯಲ್ಲಿ ದರ್ಜಿಗಳು ಬಳಸುವ ಒಂದು ಕತ್ತರಿಗೆ 2 ಡಾಲರ್. ಅದೇ ಪೇಟೆಯಲ್ಲಿ ಬಟ್ಟೆ ಹಾಕಿಡುವ ಒಂದು ಪ್ಲಾಸ್ಟಿಕ್ ಬುಟ್ಟಿಗೂ 2 ಡಾಲರ್. ಎರಡನ್ನೂ ಒಂದೇ ದಿನ ಕೊಂಡು, ಒಂದೇ ಹಡಗಿಗೆ ಹಾಕಿ, ಒಂದೇ ಲಾರಿಯಲ್ಲಿ ಚೆನ್ನೈನಿಂದ ಬೆಂಗಳೂರಿಗೆ ತಂದು ಚಿಕ್ಕಪೇಟೆಯ ಗೋದಾಮಿನಲ್ಲಿ ಇಳಿಸಿದರೆ ಕತ್ತರಿಯ ಅಸಲು ಸುಮಾರು 198 ರೂಪಾಯಿ ಆಗುತ್ತದೆ, ಬುಟ್ಟಿಯದು 279. ಕೊಂಡ ಬೆಲೆ ಒಂದೇ ಆದರೂ ಅಂಗಡಿ ಸೇರುವಷ್ಟರಲ್ಲಿ 81 ರೂಪಾಯಿಯ ಅಂತರ. ಈ ಅಂತರ ಎಲ್ಲಿ ಹುಟ್ಟಿತು ಎಂಬುದನ್ನು ಸರಿಯಾಗಿ ಬಿಡಿಸಿ ನೋಡದೆ ಇವೆರಡಕ್ಕೂ ಒಂದೇ ಬೆಲೆ ಹಚ್ಚಿ ಮಾರುವ ವ್ಯಾಪಾರಿಗಳು ಬಹಳ ಮಂದಿ ಇದ್ದಾರೆ.

ಹೊರದೇಶದ ಸರಕು ನಮ್ಮ ಗೋದಾಮಿಗೆ ಬಂದು ಬೀಳುವ ಹೊತ್ತಿಗೆ ಅದಕ್ಕೆ ತಗಲಿದ ಎಲ್ಲ ಖರ್ಚು ಸೇರಿದ ಬೆಲೆಗೆ ಲ್ಯಾಂಡೆಡ್ ಕಾಸ್ಟ್ ಅನ್ನುತ್ತಾರೆ. ಒಂದೇ ಬಗೆಯ ಸರಕು ತರಿಸಿದರೆ ಇದನ್ನು ಕಂಡುಹಿಡಿಯುವುದು ಸುಲಭ: ಎಲ್ಲ ಬಿಲ್ಲುಗಳನ್ನು ಕೂಡಿಸಿ ನಗಗಳಿಂದ ಭಾಗಿಸಿದರೆ ಆಯಿತು. ಆದರೆ ಸಣ್ಣ ಆಮದುದಾರರು ಹಾಗೆ ತರಿಸುವುದು ಅಪರೂಪ. ಒಂದು ಇನ್‌ವಾಯ್ಸಿನಲ್ಲಿ ಹತ್ತಿಪ್ಪತ್ತು ಸಾಲು ಇರುತ್ತವೆ, ಸಾಗಣೆಯ ಬಿಲ್ಲು ಮಾತ್ರ ಒಂದೇ ಬರುತ್ತದೆ. ಆ ಒಂದು ಮೊತ್ತವನ್ನು ಅಷ್ಟೂ ಸಾಲುಗಳ ಮೇಲೆ ಹೇಗೆ ಹಂಚಬೇಕು ಎಂಬಲ್ಲಿ ಎಡವಟ್ಟು ಶುರುವಾಗುತ್ತದೆ.

ಲೆಕ್ಕ ಹಿಡಿಯಲು ಸುಲಭವಾಗಲೆಂದು ಮೂರೇ ಸಾಲಿನ ಒಂದು ಸರಕನ್ನು ತೆಗೆದುಕೊಳ್ಳೋಣ. 8 ಡಾಲರಿನ ಗೋಡೆ ಗಡಿಯಾರ 500, ಅಂದರೆ 4,000 ಡಾಲರ್. 2 ಡಾಲರಿನ ಕತ್ತರಿ 2,000, ಅದೂ 4,000 ಡಾಲರ್. 2 ಡಾಲರಿನ ಬುಟ್ಟಿ 1,000, ಅಂದರೆ 2,000 ಡಾಲರ್. ಒಟ್ಟು 10,000 ಡಾಲರ್. ಬೆಲೆ ಎಫ್‌ಒಬಿ ನಿಂಗ್ಬೋ, ಅಂದರೆ ನಿಂಗ್ಬೋ ಬಂದರಿನಲ್ಲಿ ಹಡಗಿಗೆ ಏರಿಸುವವರೆಗಿನ ಖರ್ಚು ಮಾರುವವನದು, ಅಲ್ಲಿಂದ ಮುಂದಿನದು ನಮ್ಮದು. ಡಾಲರಿಗೆ 85 ರೂಪಾಯಿ ಹಿಡಿದರೆ ಗಡಿಯಾರಕ್ಕೆ 3,40,000, ಕತ್ತರಿಗೆ 3,40,000, ಬುಟ್ಟಿಗೆ 1,70,000, ಒಟ್ಟು 8,50,000 ರೂಪಾಯಿ.

ಇದರ ಮೇಲೆ ಬೀಳುವ ಖರ್ಚುಗಳು ಹೀಗಿವೆ ಎಂದಿಟ್ಟುಕೊಳ್ಳಿ. ಚೆನ್ನೈವರೆಗೆ ಹಡಗಿನ ಬಾಡಿಗೆ 50,000. ವಿಮೆ 4,250. ಚೆನ್ನೈನಲ್ಲಿ ಕಂಟೇನರ್ ಬಿಚ್ಚಿ ಸರಕನ್ನು ಇಟ್ಟುಕೊಳ್ಳುವ ಸಿಎಫ್‌ಎಸ್‌ನ ಶುಲ್ಕ, ಡೆಲಿವರಿ ಆರ್ಡರ್ ಮುಂತಾದವು ಸೇರಿ 40,000. ಕಸ್ಟಮ್ಸ್ ಕಾಗದ ಮಾಡಿಕೊಡುವ ಸಿಎಚ್‌ಎ ಅವರಿಗೆ 8,500. ಬೆಂಗಳೂರಿಗೆ ಲಾರಿ ಬಾಡಿಗೆ 20,000. ಇವೆಲ್ಲ ಜಿಎಸ್‌ಟಿ ಬಿಟ್ಟು ಹಾಕಿದ ಮೊತ್ತ. ಹಡಗಿನ ಬಾಡಿಗೆಗೂ ಬಂದರಿನಲ್ಲಿ ಇಳಿದ ಮೇಲಿನ ಶುಲ್ಕಕ್ಕೂ ಹೆಚ್ಚು ಅಂತರವಿಲ್ಲದಿರುವುದನ್ನು ಗಮನಿಸಿ. ಪೂರ್ತಿ ಕಂಟೇನರ್ ಹಿಡಿಯದೆ, ಬೇರೆಯವರ ಸರಕಿನ ಜೊತೆ ಜಾಗ ಹಂಚಿಕೊಂಡು ತರಿಸುವ ಎಲ್‌ಸಿಎಲ್ ಸಾಗಣೆಯಲ್ಲಿ ಇದು ಮಾಮೂಲು. ಹಡಗಿನ ದರ ಕಡಿಮೆ ಎಂದು ಕೋಟೇಶನ್ ನೋಡಿ ಖುಷಿಪಟ್ಟವರಿಗೆ ಬಂದರಿನಲ್ಲಿ ಬಿಲ್ಲು ಕಾದಿರುತ್ತದೆ. ಕೋಟೇಶನ್ ಕೇಳುವಾಗಲೇ ಚೆನ್ನೈ ಕಡೆಯ ಶುಲ್ಕವನ್ನೂ ಬರವಣಿಗೆಯಲ್ಲಿ ಕೇಳಿ ಪಡೆಯಬೇಕು.

ಇನ್ನು ಸುಂಕ. ಸುಂಕವನ್ನು ನಾವು ಹಂಚಬೇಕಾಗಿಯೇ ಇಲ್ಲ, ಅದನ್ನು ಕಸ್ಟಮ್ಸ್‌ನವರೇ ಸಾಲು ಸಾಲಾಗಿ ಲೆಕ್ಕ ಹಾಕಿ ಕೊಟ್ಟಿರುತ್ತಾರೆ. ಬಿಲ್ ಆಫ್ ಎಂಟ್ರಿ ಎಂಬ ಕಾಗದದಲ್ಲಿ ಪ್ರತಿ ಸರಕಿಗೂ ಅದರ ಎಂಟು ಅಂಕಿಯ ಟಾರಿಫ್ ಸಂಖ್ಯೆ, ಅದಕ್ಕೆ ಅನ್ವಯಿಸುವ ದರ, ಕಟ್ಟಬೇಕಾದ ಮೊತ್ತ ಬೇರೆ ಬೇರೆಯಾಗಿ ಇರುತ್ತವೆ. ಆದರೂ ಅನೇಕ ಕಡೆ ಆಗುವುದೇನೆಂದರೆ, ಬ್ಯಾಂಕಿನಿಂದ ಹೋದ ಒಟ್ಟು ಸುಂಕದ ಮೊತ್ತವನ್ನಷ್ಟೇ ನೋಡಿ ಅದನ್ನು ಎಲ್ಲ ಸಾಲುಗಳ ಮೇಲೆ ಸಮನಾಗಿ ಸವರುತ್ತಾರೆ. ಶೇ. 10ರ ಸುಂಕದ ಸರಕು ಶೇ. 20ರ ಸರಕಿನ ಹೊರೆಯನ್ನು ಹೊರುವುದು ಹೀಗೆ.

ಸುಂಕದ ದರಗಳು ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುತ್ತವೆ, ಆದ್ದರಿಂದ ನಿಜವಾದ ಲೆಕ್ಕಕ್ಕೆ ಆ ದಿನದ ಟಾರಿಫ್ ನೋಡಬೇಕು. ಇಲ್ಲಿ ಉದಾಹರಣೆಗಾಗಿ ಗಡಿಯಾರಕ್ಕೆ ಶೇ. 20, ಬುಟ್ಟಿಗೆ ಶೇ. 15, ಕತ್ತರಿಗೆ ಶೇ. 10 ಮೂಲ ಸುಂಕ ಎಂದು ಹಿಡಿಯುತ್ತೇನೆ. ಈ ಸುಂಕ ಎಫ್‌ಒಬಿ ಬೆಲೆಯ ಮೇಲೆ ಬೀಳುವುದಿಲ್ಲ. ಎಫ್‌ಒಬಿ ಬೆಲೆಗೆ ಭಾರತದ ಬಂದರಿನವರೆಗಿನ ಬಾಡಿಗೆ ಮತ್ತು ವಿಮೆ ಸೇರಿಸಿದ ಮೌಲ್ಯದ ಮೇಲೆ ಬೀಳುತ್ತದೆ. ನಮ್ಮ ಸರಕಿನಲ್ಲಿ ಅದು 9,04,250 ರೂಪಾಯಿ. ಮೊದಲೆಲ್ಲ ಇದಕ್ಕೆ ಇಳಿಸುವ ಖರ್ಚೆಂದು ಶೇ. 1 ಕೂಡಿಸುತ್ತಿದ್ದರು, 2017ರಲ್ಲಿ ಅದನ್ನು ಕೈಬಿಟ್ಟರು. ಹಳೆಯ ಎಕ್ಸೆಲ್ ಹಾಳೆಯನ್ನೇ ನಕಲು ಮಾಡುತ್ತ ಬಂದವರ ಲೆಕ್ಕದಲ್ಲಿ ಆ ಒಂದು ಪರ್ಸೆಂಟ್ ಇನ್ನೂ ಉಳಿದಿರಬಹುದು, ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಕಸ್ಟಮ್ಸ್‌ನ ಕಂಪ್ಯೂಟರ್ ಈ ಬಾಡಿಗೆ, ವಿಮೆಗಳನ್ನು ಸಾಲುಗಳ ಮೇಲೆ ಬೆಲೆಯ ಅನುಪಾತದಲ್ಲಿ ಹಂಚುತ್ತದೆ. ಗಡಿಯಾರ ಮತ್ತು ಕತ್ತರಿ ಒಟ್ಟು ಬೆಲೆಯ ಶೇ. 40 ತಲಾ, ಬುಟ್ಟಿ ಶೇ. 20. ಆದ್ದರಿಂದ ಗಡಿಯಾರದ ಮೌಲ್ಯ 3,61,700, ಕತ್ತರಿಯದೂ ಅಷ್ಟೇ, ಬುಟ್ಟಿಯದು 1,80,850. ಮೂಲ ಸುಂಕದ ಮೇಲೆ ಅದರ ಹತ್ತನೇ ಒಂದು ಭಾಗ ಸಮಾಜ ಕಲ್ಯಾಣ ಸರ್ಚಾರ್ಜ್ ಸೇರುತ್ತದೆ, ಹಾಗಾಗಿ ಶೇ. 20 ಎಂದರೆ ಕೈಯಿಂದ ಹೋಗುವುದು ಶೇ. 22, ಶೇ. 15 ಎಂದರೆ 16.5, ಶೇ. 10 ಎಂದರೆ 11. ಗಡಿಯಾರಕ್ಕೆ 79,574, ಕತ್ತರಿಗೆ 39,787, ಬುಟ್ಟಿಗೆ 29,840. ಒಟ್ಟು ಸುಂಕ 1,49,201 ರೂಪಾಯಿ. ಈ ಮೂರು ಅಂಕಿಗಳನ್ನು ಬಿಲ್ ಆಫ್ ಎಂಟ್ರಿಯಿಂದ ಹಾಗೆಯೇ ಎತ್ತಿ ನಮ್ಮ ಪಟ್ಟಿಗೆ ಇಳಿಸಿಕೊಳ್ಳಬೇಕು. ಬಾಡಿಗೆಯನ್ನು ನಾವು ಬೇರೆ ರೀತಿಯಲ್ಲಿ ಹಂಚುತ್ತೇವೆ ಎಂದು ಸುಂಕವನ್ನು ಮರುಲೆಕ್ಕ ಮಾಡಲು ಹೋಗಬಾರದು. ಸರ್ಕಾರಕ್ಕೆ ನಾವು ನಿಜವಾಗಿ ಕಟ್ಟಿದ್ದು ಈ ಮೊತ್ತವನ್ನು, ಈ ಸಾಲಿಗೆ ಇಷ್ಟು ಎಂದು.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಹಡಗಿನ ಬಾಡಿಗೆ ಎಷ್ಟೆಂದು ತಿಳಿಯಲಾಗದಿದ್ದರೆ ಎಫ್‌ಒಬಿ ಬೆಲೆಯ ಶೇ. 20ನ್ನು ಬಾಡಿಗೆ ಎಂದು ಹಿಡಿಯಬೇಕೆಂದು 2007ರ ಕಸ್ಟಮ್ಸ್ ಮೌಲ್ಯಮಾಪನ ನಿಯಮಗಳು ಹೇಳುತ್ತವೆ. ವಿಮೆಗೆ ಶೇ. 1.125. ನಮ್ಮ ಸರಕಿನಲ್ಲಿ ನಿಜವಾದ ಬಾಡಿಗೆ 50,000. ಬಾಡಿಗೆಯ ಬಿಲ್ಲು ಸಮಯಕ್ಕೆ ಸಿಎಚ್‌ಎ ಕೈಗೆ ಸಿಗದೆ ನಿಯಮದ ಪ್ರಕಾರ ಹಿಡಿದುಬಿಟ್ಟರೆ ಅದು 1,70,000 ಆಗುತ್ತದೆ. ಇಲ್ಲದ 1,20,000ದ ಮೇಲೆ ಕಟ್ಟಬೇಕಾಗುವ ಸುಂಕವೇ 19,800 ರೂಪಾಯಿ. ಅದು ವಾಪಸು ಬರುವ ತೆರಿಗೆಯಲ್ಲ, ನೇರವಾಗಿ ಅಸಲಿಗೆ ಸೇರುತ್ತದೆ. ಫಾರ್ವರ್ಡರ್‌ನಿಂದ ಬಾಡಿಗೆಯ ಬಿಲ್ಲನ್ನು ಹಡಗು ತಲುಪುವ ಮೊದಲೇ ತರಿಸಿಕೊಳ್ಳುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಸುಂಕದ ಮೇಲೆ ಐಜಿಎಸ್‌ಟಿ ಬೀಳುತ್ತದೆ. ಮೂರಕ್ಕೂ ಶೇ. 18 ಎಂದು ಹಿಡಿದರೆ, ಮೌಲ್ಯ ಮತ್ತು ಸುಂಕ ಸೇರಿದ 10,53,451ರ ಮೇಲೆ 1,89,621 ರೂಪಾಯಿ. ಸುಂಕದ ಜೊತೆಗೇ, ಒಂದೇ ಚಲನ್ನಿನಲ್ಲಿ ಹೋಗುವುದರಿಂದ ಇದನ್ನೂ ಸುಂಕ ಎಂದೇ ಬರೆದುಬಿಡುವುದುಂಟು. ಆದರೆ ಮಾಮೂಲಿ ಜಿಎಸ್‌ಟಿ ನೋಂದಣಿ ಇರುವ ವ್ಯಾಪಾರಿಗೆ ಈ ಹಣ ಇನ್‌ಪುಟ್ ಕ್ರೆಡಿಟ್ ಆಗಿ ಸಿಗುತ್ತದೆ. ಸಿಗುವ ಹಣವನ್ನು ಅಸಲಿಗೆ ಸೇರಿಸಿದರೆ ಪ್ರತಿ ನಗವೂ ಸುಮ್ಮನೆ ದುಬಾರಿಯಾಗಿ ಕಾಣುತ್ತದೆ. ವಾಪಸು ಪಡೆಯಬಹುದಾದ ತೆರಿಗೆಯನ್ನು ದಾಸ್ತಾನಿನ ಬೆಲೆಗೆ ಸೇರಿಸಬಾರದು ಎಂದು ಲೆಕ್ಕಪತ್ರದ ಮಾನದಂಡ ಎಎಸ್-2 ಕೂಡ ಹೇಳುತ್ತದೆ. ಕಾಂಪೊಸಿಶನ್ ಯೋಜನೆಯಲ್ಲಿರುವ ಚಿಕ್ಕ ವ್ಯಾಪಾರಿಗೆ ಕ್ರೆಡಿಟ್ ಇಲ್ಲ, ಅವರಿಗೆ ಮಾತ್ರ ಇದು ಅಸಲಿನ ಭಾಗವೇ. ಕೈಯಲ್ಲಿ ಹಣ ಎಷ್ಟು ಬೇಕು ಎಂಬ ಪ್ರಶ್ನೆಗೆ ಐಜಿಎಸ್‌ಟಿ ಸೇರಿಸಲೇಬೇಕು, ಅಸಲು ಎಷ್ಟು ಎಂಬ ಪ್ರಶ್ನೆಗೆ ಸೇರಿಸಬಾರದು.

ಈಗ ಉಳಿದದ್ದು ಬಾಡಿಗೆ. ಹಡಗು, ಸಿಎಫ್‌ಎಸ್, ಲಾರಿ ಮೂರೂ ಸೇರಿ 1,10,000 ರೂಪಾಯಿ. ಇದನ್ನು ಹಂಚುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಈ ಬಿಲ್ಲು ಯಾವುದನ್ನು ಅಳೆದು ಹಾಕಿದ್ದು? ಎಲ್‌ಸಿಎಲ್ ಸಾಗಣೆಯಲ್ಲಿ ಸರಕಿನ ತೂಕವನ್ನು ಟನ್ನಿನಲ್ಲಿ, ಗಾತ್ರವನ್ನು ಘನ ಮೀಟರಿನಲ್ಲಿ ಅಳೆದು, ಎರಡರಲ್ಲಿ ಯಾವ ಅಂಕಿ ದೊಡ್ಡದೋ ಅದಕ್ಕೆ ಬಾಡಿಗೆ ಹಾಕುತ್ತಾರೆ. ಪೇಟೆಯಲ್ಲಿ ಘನ ಮೀಟರ್ ಎನ್ನುವವರಿಲ್ಲ, ಸಿಬಿಎಂ ಅನ್ನುತ್ತಾರೆ. ಸಿಬಿಎಂ ಎಷ್ಟೆಂದು ತಿಳಿಯಲು ಪ್ಯಾಕಿಂಗ್ ಲಿಸ್ಟ್ ಬೇಕು. ವ್ಯಾಪಾರಿಗಳು ಇನ್‌ವಾಯ್ಸನ್ನು ಜೋಪಾನವಾಗಿ ಇಟ್ಟು ಈ ಪ್ಯಾಕಿಂಗ್ ಲಿಸ್ಟನ್ನು ಸಿಎಚ್‌ಎ ಕಡತದಲ್ಲೇ ಬಿಟ್ಟುಬಿಡುವುದು ನನಗೆ ನಿಜಕ್ಕೂ ಬೇಸರ ತರುತ್ತದೆ. ಹಂಚಿಕೆಯ ಕೀಲಿಯೆಲ್ಲ ಅದರಲ್ಲೇ ಇರುತ್ತದೆ.

ಬುಟ್ಟಿಯ ಸಾಲನ್ನು ನೋಡಿ. ಒಂದು ಕಾರ್ಟನ್‌ನಲ್ಲಿ ಒಂದರೊಳಗೊಂದು ಕೂರಿಸಿದ 20 ಬುಟ್ಟಿ. ಕಾರ್ಟನ್ನಿನ ಅಳತೆ 70 ಸೆಂ.ಮೀ. ಉದ್ದ, 50 ಅಗಲ, 40 ಎತ್ತರ, ಗುಣಿಸಿದರೆ 0.14 ಸಿಬಿಎಂ. ತೂಕ ಬರೀ 8 ಕೆ.ಜಿ. ಇಂಥ 50 ಕಾರ್ಟನ್, ಅಂದರೆ 7 ಸಿಬಿಎಂ, 400 ಕೆ.ಜಿ. ಕತ್ತರಿಯ ಕಾರ್ಟನ್ 50 ಸೆಂ.ಮೀ. ಉದ್ದ, 25 ಅಗಲ, 20 ಎತ್ತರದ ಸಣ್ಣ ಪೆಟ್ಟಿಗೆ. ಅದರಲ್ಲಿ 50 ಕತ್ತರಿ, ತೂಕ ಹನ್ನೆರಡೂವರೆ ಕೆ.ಜಿ. ಇಂಥ 40 ಪೆಟ್ಟಿಗೆ ಸೇರಿದರೂ ಒಂದೇ ಸಿಬಿಎಂ, 500 ಕೆ.ಜಿ. ಗಡಿಯಾರದ್ದು 2 ಸಿಬಿಎಂ, 300 ಕೆ.ಜಿ. ಒಟ್ಟು ತೂಕ 1.2 ಟನ್, ಒಟ್ಟು ಗಾತ್ರ 10 ಸಿಬಿಎಂ. ದೊಡ್ಡದು ಗಾತ್ರ, ಆದ್ದರಿಂದ ಹಡಗಿನವರು ಬಿಲ್ಲು ಹಾಕಿದ್ದು 10 ಸಿಬಿಎಂಗೆ. ಸಿಎಫ್‌ಎಸ್‌ನವರದೂ ಅದೇ ಅಳತೆ. ಲಾರಿಯಲ್ಲೂ ಜಾಗ ತಿಂದದ್ದು ಗಾತ್ರವೇ ಹೊರತು ತೂಕವಲ್ಲ. ಹಾಗಿದ್ದ ಮೇಲೆ 1,10,000ವನ್ನು ಸಿಬಿಎಂ ಪ್ರಕಾರವೇ ಹಂಚಬೇಕು. ಸಿಬಿಎಂಗೆ 11,000 ರೂಪಾಯಿ. ಗಡಿಯಾರಕ್ಕೆ 22,000, ಕತ್ತರಿಗೆ 11,000, ಬುಟ್ಟಿಗೆ 77,000.

ಎಕ್ಸೆಲ್‌ನಲ್ಲಿ ಇದಕ್ಕೆ ಒಂದು ಸಾಲು ಸಾಕು. ಹಂಚಬೇಕಾದ ಮೊತ್ತ `B1` ಮನೆಯಲ್ಲಿ, ಮೂರು ಸರಕಿನ ಸಿಬಿಎಂ `D5`ರಿಂದ `D7`ರವರೆಗೆ ಇದ್ದರೆ, ಮೊದಲ ಸರಕಿನ ಎದುರು ಹೀಗೆ ಬರೆದು ಕೆಳಕ್ಕೆ ಎಳೆಯಬಹುದು:

```
=$B$1*D5/SUM($D$5:$D$7)
```

ವಿಮೆ ಮತ್ತು ಸಿಎಚ್‌ಎ ಶುಲ್ಕ ಉಳಿದವು. ವಿಮೆಯ ಕಂತು ನಿಗದಿಯಾಗುವುದು ಸರಕಿನ ಬೆಲೆಯ ಮೇಲೆ, ಆದ್ದರಿಂದ ಅದನ್ನು ಬೆಲೆಯ ಅನುಪಾತದಲ್ಲಿ ಹಂಚುವುದೇ ಸರಿ. ಸಿಎಚ್‌ಎ ಶುಲ್ಕ ಒಂದು ಬಿಲ್ ಆಫ್ ಎಂಟ್ರಿಗೆ ಇಷ್ಟು ಎಂದಿರುತ್ತದೆ, ಅದಕ್ಕೆ ಯಾವ ಅಳತೆಯೂ ನಿಖರವಾಗಿ ಒಪ್ಪುವುದಿಲ್ಲ. ಮೊತ್ತ ಚಿಕ್ಕದು, ಬೆಲೆಯ ಮೇಲೆ ಹಂಚಿ ಮುಂದೆ ಹೋಗಬಹುದು. ಎರಡೂ ಸೇರಿ 12,750, ಎಫ್‌ಒಬಿಯ ಒಂದೂವರೆ ಪರ್ಸೆಂಟ್. ಗಡಿಯಾರಕ್ಕೆ 5,100, ಕತ್ತರಿಗೆ 5,100, ಬುಟ್ಟಿಗೆ 2,550.

ಎಲ್ಲವನ್ನೂ ಕೂಡಿಸೋಣ. ಗಡಿಯಾರದ ಒಟ್ಟು ಅಸಲು 4,46,674, ಒಂದಕ್ಕೆ 893 ರೂಪಾಯಿ 35 ಪೈಸೆ. ಕತ್ತರಿಯದು 3,95,887, ಒಂದಕ್ಕೆ 197.94. ಬುಟ್ಟಿಯದು 2,79,390, ಒಂದಕ್ಕೆ 279.39. ಮೂರೂ ಸೇರಿ 11,21,951. ಬಿಲ್ಲುಗಳನ್ನು ನೇರವಾಗಿ ಕೂಡಿಸಿದರೂ ಇಷ್ಟೇ ಬರಬೇಕು, ಬರುತ್ತದೆ.

ಪೇಟೆಯಲ್ಲಿ ಈ ಲೆಕ್ಕ ಹೇಗೆ ನಡೆಯುತ್ತದೆಂದು ಕೇಳಿದರೆ ಸಿಗುವ ಉತ್ತರ ಬೇರೆ. "ಏನಿಲ್ಲ ಸಾರ್, ಎಲ್ಲಾ ಖರ್ಚು ಕೂಡಿಸ್ತೀವಿ, ಮಾಲಿನ ಬೆಲೆ ಮೇಲೆ ಎಷ್ಟು ಪರ್ಸೆಂಟ್ ಬಂತು ನೋಡ್ತೀವಿ, ಅದನ್ನೇ ಎಲ್ಲದಕ್ಕೂ ಹಾಕ್ತೀವಿ." ನಮ್ಮ ಸರಕಿನಲ್ಲಿ ಸುಂಕ ಮತ್ತು ಉಳಿದ ಖರ್ಚು ಸೇರಿ 2,71,951, ಅಂದರೆ ಮಾಲಿನ ಬೆಲೆಯ ಹತ್ತಿರ ಹತ್ತಿರ ಶೇ. 32. ಎಲ್ಲದರ ಮೇಲೂ ಅದನ್ನೇ ಹಚ್ಚಿದರೆ ಗಡಿಯಾರ 897.56 ಆಗುತ್ತದೆ. ಸರಿಯಾದ ಲೆಕ್ಕಕ್ಕೂ ಇದಕ್ಕೂ 4 ರೂಪಾಯಿಯ ವ್ಯತ್ಯಾಸ, ಯಾರಿಗೂ ಅನುಮಾನ ಬರುವುದಿಲ್ಲ. ಕತ್ತರಿ ಮತ್ತು ಬುಟ್ಟಿ ಎರಡೂ 224.39 ಆಗುತ್ತವೆ. ಕತ್ತರಿಯ ಮೇಲೆ 26 ರೂಪಾಯಿ ಹೆಚ್ಚು ಬಿತ್ತು, ಬುಟ್ಟಿಯ ಮೇಲೆ 55 ರೂಪಾಯಿ ಕಡಿಮೆ ಬಿತ್ತು.

ಈಗ ಎರಡಕ್ಕೂ ಜಿಎಸ್‌ಟಿ ಬಿಟ್ಟು 260 ರೂಪಾಯಿಯ ಹೋಲ್‌ಸೇಲ್ ದರ ಇಟ್ಟರೆ ಪುಸ್ತಕದಲ್ಲಿ ಒಂದೊಂದಕ್ಕೂ ಸುಮಾರು 35 ರೂಪಾಯಿ ಲಾಭ ಕಾಣುತ್ತದೆ. ವಾಸ್ತವದಲ್ಲಿ ಪ್ರತಿ ಬುಟ್ಟಿಯ ಮೇಲೆ 19 ರೂಪಾಯಿ ನಷ್ಟ, ಪ್ರತಿ ಕತ್ತರಿಯ ಮೇಲೆ 62 ರೂಪಾಯಿ ಲಾಭ. ಮೂರೂ ಸರಕು ಪೂರ್ತಿ ಖಾಲಿಯಾದರೆ ವರ್ಷದ ಕೊನೆಯಲ್ಲಿ ಒಟ್ಟು ಲಾಭ ಎರಡೂ ಲೆಕ್ಕದಲ್ಲಿ ಒಂದೇ. ಹಂಚಿಕೆ ತಪ್ಪಿದೆ ಎಂಬುದು ಲಾಭ-ನಷ್ಟದ ತಖ್ತೆಯಲ್ಲಿ ಕಾಣದಿರಲು ಇದೇ ಕಾರಣ. ಆದರೆ ಮೂರೂ ಒಂದೇ ವೇಗದಲ್ಲಿ ಖಾಲಿಯಾಗುವುದಿಲ್ಲ. ಅಸಲಿಗಿಂತ ಕಡಿಮೆಗೆ ಕೊಡುತ್ತಿರುವ ಬುಟ್ಟಿಯನ್ನು ಸುತ್ತಲಿನ ಅಂಗಡಿಯವರು ಬೇಗ ಎತ್ತಿಕೊಂಡು ಹೋಗುತ್ತಾರೆ, ಏಕೆಂದರೆ ಆ ಬೆಲೆಗೆ ಬೇರೆ ಯಾರೂ ಕೊಡುತ್ತಿಲ್ಲ. ಕತ್ತರಿ ಪಕ್ಕದ ಅಂಗಡಿಯಲ್ಲಿ 240ಕ್ಕೆ ಸಿಗುತ್ತಿದ್ದರೆ ನಮ್ಮದು ಕಪಾಟಿನಲ್ಲಿ ಉಳಿಯುತ್ತದೆ. ಬುಟ್ಟಿಗೆ ಒಳ್ಳೆಯ ಓಟವಿದೆ ಎಂದು ಮುಂದಿನ ಸಲ ಅದನ್ನೇ ಎರಡು ಪಟ್ಟು ತರಿಸುತ್ತಾರೆ. ಆಗ ಒಟ್ಟು ಖರ್ಚಿನ ಪರ್ಸೆಂಟೇಜ್ ಇದ್ದಕ್ಕಿದ್ದಂತೆ ಏರುತ್ತದೆ, ಫಾರ್ವರ್ಡರ್ ದರ ಏರಿಸಿದ ಎಂದು ಅವನ ಜೊತೆ ಜಗಳ. ದರ ಏರಿರುವುದಿಲ್ಲ, ಏರಿರುವುದು ಸಿಬಿಎಂ.

ಪುಸ್ತಕ ನೋಡಿಯೇ ಈ ತಪ್ಪನ್ನು ಹಿಡಿಯುವ ಸುಲಭದ ದಾರಿಯೊಂದಿದೆ. ಪ್ರತಿ ಸಾಲಿನಲ್ಲೂ ಸಾಗಣೆ ಖರ್ಚು ಆ ಸರಕಿನ ಬೆಲೆಯ ಎಷ್ಟು ಪರ್ಸೆಂಟ್ ಎಂದು ಬರೆದು ನೋಡಿ. ಸರಿಯಾದ ಹಂಚಿಕೆಯಲ್ಲಿ ಕತ್ತರಿಗೆ ಅದು ಶೇ. 3, ಗಡಿಯಾರಕ್ಕೆ ಆರೂವರೆಯಷ್ಟು, ಬುಟ್ಟಿಗೆ 45. ಎಲ್ಲ ಸಾಲಿನಲ್ಲೂ ಒಂದೇ ಪರ್ಸೆಂಟ್ ಬಂದಿದ್ದರೆ ಯಾರೋ ಬೆಲೆಯ ಮೇಲೆ ಸವರಿದ್ದಾರೆ ಎಂದರ್ಥ. ಎಲ್ಲ ಸಾಲಿನಲ್ಲೂ ನಗಕ್ಕೆ ಒಂದೇ ಮೊತ್ತ ಬಂದಿದ್ದರೆ ನಗದ ಲೆಕ್ಕದಲ್ಲಿ ಹಂಚಿದ್ದಾರೆ. ಈ ಎರಡನೆಯದು ಇನ್ನೂ ಕೆಟ್ಟದ್ದು. ಇದೇ ಸರಕಿನ ಎಲ್ಲ ಖರ್ಚನ್ನೂ 3,500 ನಗಗಳಿಗೆ ಸಮನಾಗಿ ಹಂಚಿದರೆ ಒಂದಕ್ಕೆ 77.70 ಬೀಳುತ್ತದೆ. ಆಗ ಗಡಿಯಾರದ ಅಸಲು ಬರೀ 757.70 ಎಂದು ತೋರುತ್ತದೆ, ನಿಜಕ್ಕಿಂತ 135 ರೂಪಾಯಿ ಕಡಿಮೆ.

ನಮ್ಮಲ್ಲಿ ಬಹುಪಾಲು ಅಂಗಡಿಗಳ ಲೆಕ್ಕ ಟ್ಯಾಲಿಯಲ್ಲಿದೆ. ಖರೀದಿಯ ಮೇಲಿನ ಹೆಚ್ಚುವರಿ ಖರ್ಚನ್ನು ಸರಕಿನ ಬೆಲೆಗೆ ಸೇರಿಸುವ ಸೌಲಭ್ಯ ಅದರಲ್ಲಿದೆ, ಖರ್ಚಿನ ಲೆಡ್ಜರ್ ತೆರೆಯುವಾಗ `Appropriate by Qty` ಅಥವಾ `Appropriate by Value` ಎಂದು ಆರಿಸಿಕೊಳ್ಳಬೇಕು. ಗಾತ್ರದ ಆಯ್ಕೆ ಅಲ್ಲಿಲ್ಲ. ವಿಮೆಯ ಲೆಡ್ಜರಿಗೆ ಬೆಲೆಯ ಆಯ್ಕೆ ಸರಿ. ಬಾಡಿಗೆ ಮತ್ತು ಸುಂಕಕ್ಕೆ ಮಾತ್ರ ಮೇಲಿನಂತೆ ಹೊರಗೆ ಎಕ್ಸೆಲ್‌ನಲ್ಲಿ ಹಂಚಿ, ಸಾಲಿಗೆ ಎಷ್ಟೆಂದು ಖಚಿತ ಮಾಡಿಕೊಂಡು ಆಮೇಲೆ ನಮೂದಿಸುವುದು ಕ್ಷೇಮ. ಓಡೂನಂಥ ತಂತ್ರಾಂಶದಲ್ಲಿ `By Volume`, `By Weight` ಆಯ್ಕೆಗಳಿವೆ, ಆದರೆ ಪ್ರತಿ ಸರಕಿನ ಕಾರ್ಡಿನಲ್ಲಿ ಗಾತ್ರ, ತೂಕ ತುಂಬಿರಬೇಕು. ಆ ಮನೆಯನ್ನು ಖಾಲಿ ಬಿಟ್ಟ ಸರಕಿನ ಪಾಲಿಗೆ ಸೊನ್ನೆ ಬಂದು, ಅದರ ಹೊರೆಯೂ ಉಳಿದವುಗಳ ತಲೆಗೆ ಬೀಳುತ್ತದೆ.

ಸಿಬಿಎಂ ಪ್ರಕಾರ ಹಂಚುವುದು ಎಲ್ಲ ಕಾಲಕ್ಕೂ ಸರಿ ಎಂದು ನಾನು ಹೇಳುತ್ತಿಲ್ಲ. ಟೈಲ್ಸ್, ಬೋಲ್ಟು-ನಟ್ಟಿನಂಥ ಭಾರದ ಮಾಲಾದರೆ ಟನ್ನಿನ ಅಂಕಿಯೇ ದೊಡ್ಡದಾಗಿ ಬಿಲ್ಲು ತೂಕಕ್ಕೆ ಬರುತ್ತದೆ, ಆಗ ತೂಕದ ಮೇಲೆ ಹಂಚಬೇಕು. ವಿಮಾನದಲ್ಲಿ ತರಿಸಿದರೆ ಅಳತೆಯೇ ಬೇರೆ, ಅಲ್ಲಿ ಒಂದು ಸಿಬಿಎಂಗೆ 167 ಕೆ.ಜಿ. ಎಂದು ಹಿಡಿಯುತ್ತಾರೆ. ನಮ್ಮ 400 ಕೆ.ಜಿ. ಬುಟ್ಟಿಗೆ ವಿಮಾನದವರು ಹಾಕುವ ತೂಕ 1,169 ಕೆ.ಜಿ.

ಕಾಗದದ ಮೇಲೆ ಇಷ್ಟು ಅಚ್ಚುಕಟ್ಟಾಗಿ ಬಂದ ಲೆಕ್ಕ ಗೋದಾಮಿನಲ್ಲಿ ಕೆಡುವುದು ಬಿಲ್ಲುಗಳು ತಡವಾಗಿ ಬರುವುದರಿಂದ. ಸರಕು ಬಂದಿಳಿದ ದಿನವೇ ಮಾರಾಟ ಶುರುವಾಗುತ್ತದೆ, ಸಿಎಫ್‌ಎಸ್ ಬಿಲ್ಲು ಫಾರ್ವರ್ಡರ್ ಮೂಲಕ ತಿಂಗಳ ಮೇಲೆ ಕೈಸೇರುತ್ತದೆ. ಬಿಲ್ಲು ಬರಲಿ ಎಂದು ಕಾಯುತ್ತ ಕೂತರೆ ಅಷ್ಟರಲ್ಲಿ ಮಾರಿದ ಬುಟ್ಟಿಗಳೆಲ್ಲ ಕಡಿಮೆ ಅಸಲಿನಲ್ಲಿ ಹೋಗಿರುತ್ತವೆ. ಕೋಟೇಶನ್ ಆಧಾರದ ಮೇಲೆ ಅಂದಾಜು ಮೊತ್ತವನ್ನು ಮೊದಲ ದಿನವೇ ಸೇರಿಸಿ, ನಿಜವಾದ ಬಿಲ್ಲು ಬಂದಾಗ ವ್ಯತ್ಯಾಸವನ್ನು ಸರಿಮಾಡಬೇಕು. ಅಂದಾಜು ಹಾಕದೇ ಇದ್ದಲ್ಲಿ ಏನಾಗುತ್ತದೆ ನೋಡಿ. ಸಿಎಫ್‌ಎಸ್‌ನ 40,000ದಲ್ಲಿ ಬುಟ್ಟಿಯ ಪಾಲು 28,000, ಅಂದರೆ ಬುಟ್ಟಿಗೆ 28 ರೂಪಾಯಿ. ಬಿಲ್ಲು ಬರುವ ಹೊತ್ತಿಗೆ 600 ಬುಟ್ಟಿ ಮಾರಾಟವಾಗಿದ್ದರೆ 16,800 ರೂಪಾಯಿ ಮಾರಿದ ಸರಕಿನ ವೆಚ್ಚಕ್ಕೆ ಹೋಗಬೇಕು, ಉಳಿದ 400 ಬುಟ್ಟಿಯ ಮೇಲೆ 11,200 ಮಾತ್ರ ಸೇರಬೇಕು. ಪೂರ್ತಿ 28,000ವನ್ನು ಉಳಿದ 400ರ ಮೇಲೆ ಹೇರಿದರೆ ಒಂದೊಂದಕ್ಕೆ 28ರ ಬದಲು 70 ರೂಪಾಯಿ ಬೀಳುತ್ತದೆ. ಅದೇ ಕಂತಿನಲ್ಲಿ ಬಂದ ಅದೇ ಬುಟ್ಟಿಗೆ ಎರಡು ಅಸಲು!

ಕೆಲವು ಖರ್ಚುಗಳನ್ನು ಅಸಲಿಗೆ ತರಲೇಬಾರದು. ಕಾಗದದಲ್ಲಿ ತಪ್ಪಾಗಿ ಸರಕು ಸಿಎಫ್‌ಎಸ್‌ನಲ್ಲೇ ಎರಡು ವಾರ ಕೂತು ಡೆಮರೇಜ್ ಬಿದ್ದರೆ ಅದು ಬುಟ್ಟಿಯ ಬೆಲೆಯಲ್ಲ, ಆ ತಿಂಗಳ ನಷ್ಟ. ಅದನ್ನು ಅಸಲಿಗೆ ಸೇರಿಸಿದರೆ ಮುಂದಿನ ಆರ್ಡರಿನ ಬೆಲೆ ನಿಗದಿ ಮಾಡುವಾಗ ಆಗಬಾರದಿದ್ದ ಖರ್ಚು ಮಾಮೂಲಿ ಖರ್ಚಿನ ವೇಷದಲ್ಲಿ ಬಂದು ಕೂರುತ್ತದೆ. ಡಾಲರ್ ದರದ ಏರಿಳಿತವೂ ಹಾಗೆಯೇ. ಕಸ್ಟಮ್ಸ್ ಪ್ರಕಟಿಸಿದ ದರ ಸುಂಕದ ಲೆಕ್ಕಕ್ಕೆ ಮಾತ್ರ. ನಮ್ಮ ಪುಸ್ತಕದಲ್ಲಿ ಖರೀದಿಯನ್ನು ಬರೆಯುವುದು ವ್ಯವಹಾರ ನಡೆದ ದಿನದ ದರದಲ್ಲಿ. ಎರಡು ತಿಂಗಳ ನಂತರ ಚೀನಾದವನಿಗೆ ಹಣ ಕಳಿಸುವಾಗ ಬ್ಯಾಂಕು ಒಂದು ರೂಪಾಯಿ ಹೆಚ್ಚು ಹಿಡಿದರೆ ಆ 10,000 ರೂಪಾಯಿ ವಿನಿಮಯ ನಷ್ಟದ ಖಾತೆಗೆ ಹೋಗುತ್ತದೆ, ಕತ್ತರಿಯ ಅಸಲಿಗಲ್ಲ. ಇಲ್ಲಿನ ಉದಾಹರಣೆಯಲ್ಲಿ ಎಲ್ಲಕ್ಕೂ 85 ಹಿಡಿದದ್ದು ಲೆಕ್ಕ ಹಗುರವಾಗಲೆಂದು.

ಬುಟ್ಟಿಯ 279 ರೂಪಾಯಿಯಲ್ಲಿ 77 ರೂಪಾಯಿ ಬರೀ ಗಾಳಿಯನ್ನು ಸಾಗಿಸಿದ್ದಕ್ಕೆ ಎಂದು ಗೊತ್ತಾದ ವ್ಯಾಪಾರಿ ಈವೂದ ಮಾರಾಟಗಾರನನ್ನು ಕೇಳುವ ಪ್ರಶ್ನೆ ಬದಲಾಗುತ್ತದೆ. 2 ಡಾಲರಿನಲ್ಲಿ ಐದು ಸೆಂಟ್ ಬಿಡಿಸಿಕೊಂಡರೆ ಉಳಿಯುವುದು ನಾಲ್ಕೂಕಾಲು ರೂಪಾಯಿ, ಅದರ ಮೇಲಿನ ಸುಂಕ ಸೇರಿದರೂ ಐದು ದಾಟುವುದಿಲ್ಲ. ಅದರ ಬದಲು ಬುಟ್ಟಿಯ ಹಿಡಿಯನ್ನು ಬಿಚ್ಚಿ ಬೇರೆ ಇಟ್ಟು, ಅದೇ ಕಾರ್ಟನ್ನಿನಲ್ಲಿ 20ರ ಜಾಗದಲ್ಲಿ 28 ಕೂರಿಸಲು ಆಗುತ್ತದೆಯೇ ಎಂದು ಕೇಳಬೇಕು. ಆದರೆ 50 ಕಾರ್ಟನ್ನು 36ಕ್ಕೆ ಇಳಿಯುತ್ತದೆ, 7 ಸಿಬಿಎಂ 5ರ ಹತ್ತಿರ ಬರುತ್ತದೆ. ಇದೇ ದರದಲ್ಲಿ ಬುಟ್ಟಿಯೊಂದಕ್ಕೆ ಇಪ್ಪತ್ತು ರೂಪಾಯಿಯ ಮೇಲೆ ಉಳಿತಾಯ. ಅಷ್ಟಾದರೂ ಅಸಲು 258ರ ಆಸುಪಾಸಿನಲ್ಲೇ ನಿಲ್ಲುತ್ತದೆ, 260ಕ್ಕೆ ಮಾರಿದರೆ ಅಂಗಡಿ ಬಾಡಿಗೆಗೂ ಹುಟ್ಟುವುದಿಲ್ಲ. ಹಾಗಾಗಿ ದರವನ್ನು 300ರ ಮೇಲಕ್ಕೆ ಒಯ್ಯಬೇಕು, ಇಲ್ಲವೇ ಬುಟ್ಟಿಯನ್ನು ಇಲ್ಲಿನ ಪ್ಲಾಸ್ಟಿಕ್ ಕಾರ್ಖಾನೆಯವರಿಂದ ತೆಗೆದುಕೊಂಡು ಆ 7 ಸಿಬಿಎಂ ಜಾಗಕ್ಕೆ ಗಡಿಯಾರ, ಕತ್ತರಿ ತುಂಬಬೇಕು.